ಓದಿಕೊಂಡು ಬಾರದ ಹುಡುಗ

ಕಾನೂನು ಕಾಲೇಜಿನ ಮೊದಲ ವರ್ಷ, ಮೊದಲ ತರಗತಿ. ಮೇಷ್ಟ್ರು ಒಳಗೆ ಬರುತ್ತಾರೆ, ಪೀಠಿಕೆಯಿಲ್ಲದೆ ಒಬ್ಬನ ಹೆಸರು ಹಿಡಿದು ಕೂಗುತ್ತಾರೆ, ಅವನು ನಡುಗುತ್ತಾ ಎದ್ದು ನಿಲ್ಲುತ್ತಾನೆ. ಕಾನೂನು ಶಾಲೆಗಳಲ್ಲಿ ಕೋಲ್ಡ್ ಕಾಲ್ ಎಂದು ಕರೆಯುವ ಈ ಪದ್ಧತಿಯ ಮೇಲೆ ಬಂದಿರುವ ಕಥೆಗಳನ್ನು ಓದುತ್ತಾ ಹೋದರೆ, ಹೆಚ್ಚಿನವುಗಳ ಬೇರು ಒಂದೇ ಕಡೆ ಇದೆ. ಜಾನ್ ಜೇ ಆಸ್ಬಾರ್ನ್ ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಿದ್ದಾಗ ಬರೆದು 1971ರಲ್ಲಿ ಪ್ರಕಟಿಸಿದ ‘ದಿ ಪೇಪರ್ ಚೇಸ್’ ಕಾದಂಬರಿ, ಅದನ್ನು ಆಧರಿಸಿ ಜೇಮ್ಸ್ ಬ್ರಿಜಸ್ ನಿರ್ದೇಶಿಸಿದ 1973ರ ಸಿನಿಮಾ. ಅದರ ಆರಂಭದ ತರಗತಿಯ ದೃಶ್ಯವನ್ನು ಇಡೀ ಸಿನಿಮಾ ನೋಡದವರೂ ನೋಡಿದ್ದಾರೆ. ಅದು ತನ್ನಷ್ಟಕ್ಕೆ ತಾನೇ ಒಂದು ಸಣ್ಣ ಕಥೆ. ಅದಕ್ಕೊಂದು ಆರಂಭವಿದೆ, ಬಿಕ್ಕಟ್ಟಿದೆ, ಮುಕ್ತಾಯವೂ ಇದೆ. ಸಣ್ಣ ಕಥೆಯೆಂದೇ ಅದನ್ನು ಇಲ್ಲಿ ಓದುತ್ತೇನೆ. ಅದಕ್ಕೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು, ಆ ಕೀರ್ತಿಯ ನೆರಳಿನಲ್ಲಿ ಇದಕ್ಕಿಂತ ನೂರು ವರ್ಷ ಹಳೆಯದಾದ, ಇದಕ್ಕಿಂತ ಒಳ್ಳೆಯದಾದ ಕಥೆಯೊಂದು ಬಿಸಿಲು ಕಾಣದೆ ಉಳಿದಿದೆ ಎಂಬುದು ನನ್ನ ವಾದ.

ದೃಶ್ಯ ಹೀಗಿದೆ. ಕರಾರು ಕಾನೂನಿನ ಪ್ರೊಫೆಸರ್ ಕಿಂಗ್ಸ್‌ಫೀಲ್ಡ್ ವೇದಿಕೆ ಹತ್ತುತ್ತಾರೆ. ಮುಂದೆ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೂತಿದ್ದಾರೆಂದು ತೋರಿಸುವ ಪಟ. ಅದರ ಮೇಲೆ ಕಣ್ಣಾಡಿಸಿ ಮಿನೆಸೊಟಾದಿಂದ ಬಂದ ಹಾರ್ಟ್ ಎಂಬ ಹುಡುಗನನ್ನು ಕೂಗಿ, ಹಾಕಿನ್ಸ್ ವಿರುದ್ಧ ಮೆಕ್‌ಗೀ ಮೊಕದ್ದಮೆಯ ಸಂಗತಿಗಳನ್ನು ಹೇಳೆನ್ನುತ್ತಾರೆ. ಹುಡುಗನ ದನಿ ಏಳುವುದಿಲ್ಲ. ಜೋರಾಗಿ ಮಾತಾಡು, ಎದ್ದು ನಿಲ್ಲು ಎಂಬ ಅಪ್ಪಣೆಗಳು ಒಂದರ ಮೇಲೊಂದು ಬರುತ್ತವೆ. ಕೊನೆಗೆ ಅವನು ಮೊಕದ್ದಮೆಯನ್ನು ಓದಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಮೊದಲ ದಿನದ ಪಾಠವನ್ನು ಸೂಚನಾ ಫಲಕದಲ್ಲಿ ಹಾಕಿದ್ದುದು ಅವನಿಗೆ ತಿಳಿದಿರಲಿಲ್ಲ. ಪ್ರೊಫೆಸರ್ ತಾವೇ ಸಂಗತಿಗಳನ್ನು ಹೇಳುತ್ತಾರೆ, ಪರಿಹಾರ ಎಷ್ಟಿರಬೇಕೆಂದು ಮತ್ತೆ ಅವನನ್ನೇ ಹಿಡಿಯುತ್ತಾರೆ. ತರಗತಿ ಮುಗಿದ ಮೇಲೆ ಹುಡುಗ ಶೌಚಾಲಯಕ್ಕೆ ಓಡಿ ವಾಂತಿ ಮಾಡಿಕೊಳ್ಳುತ್ತಾನೆ.

ಇದರಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳುವುದಿಲ್ಲ. ಕಿಂಗ್ಸ್‌ಫೀಲ್ಡ್ ಪಾತ್ರ ಮಾಡಿದ ಜಾನ್ ಹೌಸ್‌ಮನ್‌ಗೆ ಆಸ್ಕರ್ ಬಂದದ್ದು ನ್ಯಾಯವೇ. ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುವ ಆ ದನಿ ಮರೆಯುವಂಥದಲ್ಲ. ಆಸನಗಳ ಪಟವನ್ನು ಕಥೆಯೊಳಗೆ ತಂದದ್ದೂ ಜಾಣತನದ ಕೆಲಸ. ಇಷ್ಟು ದೊಡ್ಡ ಕೋಣೆಯಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ ಎಂಬುದನ್ನು ಒಂದು ಕಾಗದ ಹೇಳಿಬಿಡುತ್ತದೆ. ಇಷ್ಟಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ.

ನನ್ನ ತಕರಾರು ಒಂದೇ ಒಂದು ಆಯ್ಕೆಯ ಮೇಲೆ. ಹುಡುಗ ಓದಿಕೊಂಡು ಬಂದಿಲ್ಲ. ಕಥೆಗಾರ ಹೀಗೆ ತೀರ್ಮಾನಿಸಿದ ಕ್ಷಣದಲ್ಲೇ ಕಥೆ ತನ್ನ ವಸ್ತುವನ್ನು ಕೈಬಿಟ್ಟಿತು. ಓದದೆ ಬಂದು ಸಿಕ್ಕಿಬಿದ್ದವನ ಭಯ ಕಾನೂನು ಕಾಲೇಜಿನದೇ ಆಗಬೇಕಿಲ್ಲ. ಮಗ್ಗಿ ಬಾಯಿಪಾಠ ಮಾಡದ ಮೂರನೇ ಕ್ಲಾಸಿನ ಹುಡುಗನಿಗೂ ಅದೇ ಭಯ, ಲೆಕ್ಕದ ಪುಸ್ತಕ ಬರೆಯದೆ ಆಡಿಟ್‌ಗೆ ಸಿಕ್ಕ ಸೊಸೈಟಿ ಗುಮಾಸ್ತನಿಗೂ ಅದೇ ಭಯ. ಕಾನೂನು ತರಗತಿಯ ಮೊದಲ ಪ್ರಶ್ನೆಗೆ ಮಾತ್ರ ಸಲ್ಲುವ ಭಯ ಬೇರೆ. ಅದು ಎರಡೆರಡು ಸಲ ಓದಿ, ಟಿಪ್ಪಣಿ ಮಾಡಿಕೊಂಡು, ಎಲ್ಲ ಗೊತ್ತಿದೆ ಎಂದುಕೊಂಡು ಬಂದವನ ಭಯ. ಅವನು ಉತ್ತರ ಹೇಳುತ್ತಾನೆ, ಉತ್ತರ ಸರಿಯಾಗಿಯೇ ಇರುತ್ತದೆ. ಮೇಷ್ಟ್ರು ಸಂಗತಿಯಲ್ಲಿ ಒಂದೇ ಒಂದು ಅಂಶ ಬದಲಿಸಿ ಈಗೇನು ಎನ್ನುತ್ತಾರೆ. ಅವನ ಕಾಲ ಕೆಳಗಿನ ನೆಲ ಜಾರುವುದು ಆಗ. ಓದದ ಹುಡುಗ ಆ ಜಾಗವನ್ನು ತಲುಪುವುದೇ ಇಲ್ಲ, ಬಾಗಿಲಲ್ಲೇ ಎಡವಿ ಬೀಳುತ್ತಾನೆ.

ಈ ಆಯ್ಕೆಯಿಂದ ಏನು ಹೋಯಿತು ಎಂದು ತಿಳಿಯಲು ಹಾರ್ಟ್ ಓದದೆ ಬಿಟ್ಟ ಮೊಕದ್ದಮೆಯನ್ನು ನಾವೇ ಓದಬೇಕು. ಅದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1929ರಲ್ಲಿ ತೀರ್ಮಾನಿಸಿದ ನಿಜವಾದ ಮೊಕದ್ದಮೆ. ಜಾರ್ಜ್ ಹಾಕಿನ್ಸ್ ಎಂಬ ಹುಡುಗನ ಬಲ ಅಂಗೈ ವಿದ್ಯುತ್ ತಂತಿ ತಗುಲಿ ಸುಟ್ಟು ಗಾಯದ ಕಲೆ ಗಟ್ಟಿಯಾಗಿತ್ತು. ಒಂಬತ್ತು ವರ್ಷಗಳ ನಂತರ ಮೆಕ್‌ಗೀ ಎಂಬ ವೈದ್ಯರು ಆ ಕಲೆ ತೆಗೆದು ಎದೆಯ ಚರ್ಮ ಕೂಡಿಸುವುದಾಗಿ ಹೇಳಿದರು. ಕೈಯನ್ನು ನೂರಕ್ಕೆ ನೂರು ಚೆನ್ನಾಗಿ ಮಾಡಿಕೊಡುವ ಭರವಸೆ ಕೊಟ್ಟರು. ಆಸ್ಪತ್ರೆಯಲ್ಲಿ ಎಷ್ಟು ದಿನ ಎಂದದ್ದಕ್ಕೆ ಮೂರೋ ನಾಲ್ಕೋ ದಿನ ಎಂದರು. ಕೈ ಮೊದಲಿಗಿಂತ ಕೆಟ್ಟಿತು. ಜ್ಯೂರಿ ಹುಡುಗನಿಗೆ 3,000 ಡಾಲರ್ ಕೊಡಿಸಿತು. ಕೆಳಗಿನ ನ್ಯಾಯಾಧೀಶರು ಅದು ಅತಿಯಾಯಿತೆಂದು 500ಕ್ಕೆ ಇಳಿಸಿಕೊಳ್ಳಲು ಹೇಳಿದರು, ಹುಡುಗ ಒಪ್ಪಲಿಲ್ಲ, ಮೊಕದ್ದಮೆ ಮೇಲೆ ಹೋಯಿತು.

ಮೇಲಿನ ನ್ಯಾಯಾಲಯ ಎರಡು ಬಗೆಯ ಮಾತುಗಳನ್ನು ಬೇರೆ ಮಾಡಿತು. ಮೂರು ನಾಲ್ಕು ದಿನ ಎಂದದ್ದು ವೈದ್ಯನೊಬ್ಬನ ಅಂದಾಜು, ಕರಾರಲ್ಲ. ನೂರಕ್ಕೆ ನೂರು ಎಂದದ್ದನ್ನು ಕರಾರೆಂದು ಜ್ಯೂರಿ ತಿಳಿಯಬಹುದು, ಏಕೆಂದರೆ ಚರ್ಮ ಕೂಡಿಸುವ ಪ್ರಯೋಗ ಮಾಡಿ ನೋಡುವ ಆಸೆಯಿಂದ ವೈದ್ಯರೇ ಮೇಲೆ ಬಿದ್ದು ಒಪ್ಪಿಸಿದ್ದಕ್ಕೆ ಸಾಕ್ಷ್ಯವಿತ್ತು. ಹಾಗಾದರೆ ಪರಿಹಾರ ಎಷ್ಟು? ಒಂದು ಲೆಕ್ಕ ಹಾಕೋಣ. ನೂರಕ್ಕೆ ನೂರರ ಕೈಗೆ ಹತ್ತು ಎನ್ನೋಣ, ಕಲೆಯಿದ್ದ ಹಳೆಯ ಕೈಗೆ ಆರು, ಶಸ್ತ್ರಚಿಕಿತ್ಸೆಯ ನಂತರದ ಕೈಗೆ ನಾಲ್ಕು. ವೈದ್ಯ ಕೆಡಿಸಿದ್ದು ಎಷ್ಟು ಎಂದು ಕೇಳಿದರೆ ಉತ್ತರ ಎರಡು. ವೈದ್ಯ ಕೊಡುತ್ತೇನೆಂದು ಕೊಡದೆ ಉಳಿಸಿಕೊಂಡದ್ದು ಎಷ್ಟು ಎಂದು ಕೇಳಿದರೆ ಉತ್ತರ ಆರು. ನ್ಯಾಯಾಲಯ ಆರರ ದಾರಿ ಹಿಡಿಯಿತು. ಶಸ್ತ್ರಚಿಕಿತ್ಸೆಯ ನೋವಿಗೆ ಪ್ರತ್ಯೇಕ ಪರಿಹಾರವಿಲ್ಲ ಎಂದೂ ಹೇಳಿತು. ಒಳ್ಳೆಯ ಕೈ ಬೇಕೆಂದು ಹುಡುಗ ತೆರಲು ಸಿದ್ಧನಾಗಿದ್ದ ಬೆಲೆಯಲ್ಲಿ ಆ ನೋವೂ ಸೇರಿತ್ತು ಎಂಬುದು ಅದರ ತರ್ಕ.

ಈ ಕೊನೆಯ ಮಾತನ್ನು ಮೊದಲ ವರ್ಷದ ಹುಡುಗನೊಬ್ಬ ಎದ್ದು ನಿಂತು ತನ್ನ ಬಾಯಿಂದ ಹೇಳಬೇಕು. ಇನ್ನೊಬ್ಬ ಹುಡುಗ ಹಾಸಿಗೆಯಲ್ಲಿ ಪಟ್ಟ ನೋವಿಗೆ ಬೆಲೆಯಿಲ್ಲ, ಏಕೆಂದರೆ ಅದನ್ನು ಅವನು ಆಗಲೇ ತೆತ್ತಿದ್ದಾನೆ ಎಂದು ಹೇಳಬೇಕು, ಅದು ಸರಿ ಎಂದು ತೋರಿಸಬೇಕು. ಹೇಳುವಾಗ ಅವನ ದನಿ ನಡುಗಿದರೆ ಆ ನಡುಕಕ್ಕೆ ಅರ್ಥವಿರುತ್ತಿತ್ತು. ನಿನ್ನೆಯವರೆಗೆ ಮನೆಯವನಾಗಿ ಯೋಚಿಸುತ್ತಿದ್ದವನು ಇಂದು ವಕೀಲನಾಗಿ ಯೋಚಿಸಲು ಕಲಿಯುವ ಜಾಗ ಅದು. ಅಲ್ಲಿ ಸಿಗುವುದಕ್ಕೂ ಹೋಗುವುದಕ್ಕೂ ಲೆಕ್ಕವಿದೆ. ದೃಶ್ಯದಲ್ಲಿ ಪರಿಹಾರದ ಅಳತೆಯ ಪ್ರಶ್ನೆ ಬರುತ್ತದೆ, ನಿಜ. ಆದರೆ ಅಷ್ಟರಲ್ಲಿ ನಮ್ಮ ಮನಸ್ಸು ಹುಡುಗನ ಬೆವರಿನ ಮೇಲಿರುತ್ತದೆ. ಹಾಕಿನ್ಸ್‌ನ ಕೈ ಅವನನ್ನು ಹೊಡೆಯಲು ಸಿಕ್ಕ ಕೋಲು ಮಾತ್ರ. ಅಲ್ಲಿ ಬೇರೆ ಯಾವ ಮೊಕದ್ದಮೆಯನ್ನಿಟ್ಟರೂ ಕಥೆ ಒಂದಿಷ್ಟೂ ಬದಲಾಗುವುದಿಲ್ಲ. ಕಥೆಯೊಳಗಿನ ಒಂದು ವಸ್ತುವನ್ನು ತೆಗೆದು ಬೇರೊಂದನ್ನಿಟ್ಟರೂ ಏನೂ ಆಗದಿದ್ದರೆ, ಆ ವಸ್ತು ಕಥೆಯೊಳಗೆ ಬಂದೇ ಇಲ್ಲ.

ಇನ್ನೊಂದು ವಿವರವಿದೆ. ಕಾನೂನು ವಿದ್ಯಾರ್ಥಿಗಳು ಈ ಮೊಕದ್ದಮೆಯನ್ನು ‘ಕೂದಲ ಕೈ’ ಮೊಕದ್ದಮೆ ಎಂದೇ ಕರೆಯುತ್ತಾರೆ. ಎದೆಯ ಚರ್ಮ ಅಂಗೈಗೆ ಬಂದು ಅಲ್ಲಿ ಕೂದಲು ಬೆಳೆಯಿತು. ಕಿಂಗ್ಸ್‌ಫೀಲ್ಡ್ ಸಂಗತಿ ಹೇಳುವಾಗಲೂ ಆ ಕೂದಲು ಬರುತ್ತದೆ. ಆದರೆ 1929ರ ತೀರ್ಪಿನ ಪಠ್ಯದಲ್ಲಿ ಕೂದಲಿನ ಮಾತಿಲ್ಲ. ಆ ವೈದ್ಯರು ತಮ್ಮ ವಿಮಾ ಕಂಪನಿಯ ಮೇಲೆ ಹೂಡಿ 1931ರಲ್ಲಿ ತೀರ್ಮಾನವಾದ ಬೇರೊಂದು ಮೊಕದ್ದಮೆಯಿಂದ ಆ ವಿವರ ಬಂದು ತರಗತಿಗಳ ಬಾಯಿಮಾತಿನಲ್ಲಿ ಸೇರಿಕೊಂಡಿತು. ಹಾರ್ಟ್ ಓದಿಕೊಂಡು ಬಂದಿದ್ದರೆ, ಸರ್, ನೀವು ಹೇಳಿದ ಕೂದಲು ತೀರ್ಪಿನಲ್ಲಿ ಇಲ್ಲವಲ್ಲ ಎಂದು ಕೇಳಬಹುದಿತ್ತು. ಇಡೀ ಕೋಣೆಯ ಅಧಿಕಾರ ಒಂದು ಕ್ಷಣ ಅತ್ತಿತ್ತ ತೂಗಾಡುತ್ತಿತ್ತು. ಪುಟದಲ್ಲಿರುವುದು ಯಾವುದು, ಮೇಷ್ಟ್ರು ಸೇರಿಸಿದ್ದು ಯಾವುದು ಎಂದು ಬೇರೆ ಮಾಡುವುದೇ ವಕೀಲಿಕೆಯ ಮೊದಲ ಪಾಠ. ಆ ಪಾಠ ಕಲಿಯಬಹುದಾಗಿದ್ದ ಹುಡುಗನನ್ನು ಕಥೆಗಾರ ಬರಿಗೈಯಲ್ಲಿ ತರಗತಿಗೆ ಕಳಿಸಿದ. ದೃಶ್ಯದ ಬಗ್ಗೆ ಬಂದ ಹೊಗಳಿಕೆಗಳೂ ಪುಟ ತಿರುವಿ ನೋಡುವ ತೊಂದರೆ ತೆಗೆದುಕೊಳ್ಳದೆ ಕೂದಲನ್ನು ಮೆಲುಕು ಹಾಕುತ್ತವೆ.

ಈಗ ಇನ್ನೊಂದು ಕಥೆ. 1870ರ ಶರತ್ಕಾಲ, ಅದೇ ಹಾರ್ವರ್ಡ್. ಹೊಸದಾಗಿ ಬಂದ ಪ್ರೊಫೆಸರ್ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್ ಕರಾರು ಕಾನೂನಿನ ತರಗತಿಗೆ ಬರುತ್ತಾರೆ. ಅಲ್ಲಿಯವರೆಗೆ ಮೇಷ್ಟ್ರು ಗ್ರಂಥದಿಂದ ಸೂತ್ರಗಳನ್ನು ವಿವರಿಸುತ್ತಿದ್ದರು, ವಿದ್ಯಾರ್ಥಿಗಳು ಕೇಳಿಸಿಕೊಂಡು ಬರೆದುಕೊಳ್ಳುತ್ತಿದ್ದರು. ಲ್ಯಾಂಗ್‌ಡೆಲ್ ಸೂತ್ರ ಹೇಳಲಿಲ್ಲ. ಹಳೆಯ ತೀರ್ಪುಗಳನ್ನು ಅಚ್ಚು ಹಾಕಿಸಿ ಕೈಗೆ ಕೊಟ್ಟಿದ್ದರು. ಫಾಕ್ಸ್ ಎಂಬ ವಿದ್ಯಾರ್ಥಿಯನ್ನು ಕರೆದು ಪೇನ್ ವಿರುದ್ಧ ಕೇವ್ ಮೊಕದ್ದಮೆಯ ಸಂಗತಿ ಹೇಳೆಂದರು. ಅವನು ತನಗೆ ತಿಳಿದಂತೆ ಹೇಳಿದ. ರಾಲ್ ಎಂಬವನನ್ನು ಕರೆದು ವಾದಿಯ ಪರ ವಾದ ಏನೆಂದರು. ಅವನೂ ಕೈಲಾದಷ್ಟು ಹೇಳಿದ. ಕೊನೆಗೆ ಆಡಮ್ಸ್ ಎಂಬವನ ಕಡೆ ತಿರುಗಿ, ನೀನು ಇದನ್ನು ಒಪ್ಪುತ್ತೀಯಾ ಎಂದು ಕೇಳಿದರು. ಸ್ಯಾಮ್ಯುಯೆಲ್ ಬ್ಯಾಚೆಲ್ಡರ್ 1906ರಲ್ಲಿ ಬರೆದಿಟ್ಟ ಈ ವೃತ್ತಾಂತ ಕೆಲವೇ ಸಾಲುಗಳದು. ಯಾರೂ ಬೆವರುವುದಿಲ್ಲ, ಯಾರೂ ಓಡಿಹೋಗುವುದಿಲ್ಲ. ಆದರೂ ಕಿಂಗ್ಸ್‌ಫೀಲ್ಡ್‌ನ ದೃಶ್ಯಕ್ಕಿಂತ ಹೆಚ್ಚು ಕಥೆ ಇದರಲ್ಲಿದೆ, ಏಕೆಂದರೆ ಇಲ್ಲಿ ಮೂರು ಪ್ರಶ್ನೆಗಳಿವೆ, ಪ್ರತಿ ಪ್ರಶ್ನೆಯೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಆಳಕ್ಕೆ ಇಳಿಯುತ್ತದೆ.

ಪೇನ್ ವಿರುದ್ಧ ಕೇವ್ 1789ರ ಇಂಗ್ಲೆಂಡಿನ ಹರಾಜಿನ ಮೊಕದ್ದಮೆ. ಹರಾಜಿಗೆ ಬಂದದ್ದು ಭಟ್ಟಿ ಇಳಿಸುವ ಲೋಹದ ಸುರುಳಿ ಕೊಳವೆ ಮತ್ತು ಅದನ್ನು ಮುಳುಗಿಸಿಡುವ ತೊಟ್ಟಿ. ಕೇವ್ 40 ಪೌಂಡು ಕೂಗಿದ, ಅವನದೇ ಕೊನೆಯ ಕೂಗು. ಹರಾಜುದಾರ ಸುತ್ತಿಗೆ ಬಡಿಯದೆ ಎಳೆದಾಡಿದ, ವಸ್ತು ತುಂಬಾ ತೂಕದ್ದು, ಇನ್ನೂ ಹೆಚ್ಚು ಬೆಲೆ ಬಾಳುತ್ತದೆ ಎಂದ. ಅಷ್ಟು ತೂಕವಿದೆಯೆಂದು ಖಾತ್ರಿ ಕೊಡುತ್ತೀಯಾ ಎಂದು ಕೇವ್ ಕೇಳಿದ. ಕೊಡುವುದಿಲ್ಲವೆಂದಾಗ, ಹಾಗಾದರೆ ನನಗೂ ಬೇಡ ಎಂದುಬಿಟ್ಟ. ಮುಂದೆ ಅದು 30 ಪೌಂಡಿಗೆ ಹೋಯಿತು. ಹತ್ತು ಪೌಂಡು ನಷ್ಟ ಕಟ್ಟಿಕೊಡು ಎಂದು ಕೇವ್‌ನ ಮೇಲೆ ಮೊಕದ್ದಮೆ ಬಿತ್ತು. ಫಾಕ್ಸ್ ಹೇಳಬೇಕಾಗಿದ್ದ ಸಂಗತಿ ಇಷ್ಟು.

ರಾಲ್ ಹೇಳಬೇಕಾಗಿದ್ದ ವಾದಿಯ ಪರ ವಾದ ಬಲವಾದದ್ದೇ. ಹೆಚ್ಚು ಕೂಗಿದವನಿಗೆ ಮಾಲು ಎಂಬುದು ಹರಾಜಿನ ಷರತ್ತು. ಸುತ್ತಿಗೆಯನ್ನು ತಡೆದು ಹಿಡಿಯುವುದು ಮಾರುವವನಿಗೆ ಇನ್ನಷ್ಟು ಬೆಲೆ ಬರಲೆಂದು, ಕೂಗಿದವನು ಪಶ್ಚಾತ್ತಾಪ ಪಡಲಿ ಎಂದಲ್ಲ. ಆ ನಡುವೆ ಕೊನೆಯ ಕೂಗಿನವನು ಷರತ್ತಿನ ಮೇಲೆ ಕೊಂಡವನೇ ಆಗಿರುತ್ತಾನೆ, ಮೇಲೆ ಯಾರೂ ಕೂಗದಿದ್ದರೆ ಮಾಲು ಅವನದೇ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಕೂಗು ಒಂದು ಕಡೆಯ ಪ್ರಸ್ತಾಪ ಮಾತ್ರ, ಮಾರುವವನ ಒಪ್ಪಿಗೆ ಸುತ್ತಿಗೆ ಬಡಿದಾಗ ಬರುತ್ತದೆ, ಅಲ್ಲಿಯವರೆಗೆ ಇಬ್ಬರೂ ಕಟ್ಟುಬಿದ್ದಿಲ್ಲ ಎಂದಿತು. ನಮ್ಮ ದೇಶದಲ್ಲಿ ಸರಕು ಮಾರಾಟಕ್ಕೆ ಇದೇ ಕಾನೂನು. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು, ಸುತ್ತಿಗೆ ಬಡಿದೋ ರೂಢಿಯಲ್ಲಿರುವ ಬೇರೆ ರೀತಿಯಲ್ಲೋ ಹರಾಜುದಾರ ಮುಕ್ತಾಯ ಸಾರುವವರೆಗೆ ಯಾವ ಕೂಗುದಾರನೂ ತನ್ನ ಕೂಗನ್ನು ಹಿಂದಕ್ಕೆ ಪಡೆಯಬಹುದು ಎನ್ನುತ್ತದೆ.

ಹೊರಕೆರೆದೇವಪುರದ ಕಡೆಯಿಂದ ಕಾನೂನು ಓದಲು ಹೋದ ಹುಡುಗಿಯೊಬ್ಬಳನ್ನು ಆಡಮ್ಸ್‌ನ ಜಾಗದಲ್ಲಿ ನಿಲ್ಲಿಸಿ ನೋಡೋಣ. ಅವಳಿಗೆ ಹರಾಜು ಗೊತ್ತು. ಅಡಿಕೆ ತೋಟದ ಗುತ್ತಿಗೆಯ ಚೌಕಾಸಿ ನೋಡಿದ್ದಾಳೆ. ನಮ್ಮ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ, ಹಿರಿಯೂರು ರಥೋತ್ಸವಗಳಲ್ಲಿ ತೇರು ಹೊರಡುವ ಮುಂಚೆ ನಡೆಯುವ ಮುಕ್ತಿ ಬಾವುಟದ ಹರಾಜು ಕೇಳಿದ್ದಾಳೆ. ಒಂದು ಸಾರಿ, ಎರಡು ಸಾರಿ ಎಂದ ಮೇಲೆ ಜನ ಉಸಿರು ಹಿಡಿಯುತ್ತಾರೆ. ಅಲ್ಲಿ ಕೂಗಿದವನು ಮೂರನೆಯ ಸಾರಿಗೆ ಮೊದಲು, ಬೇಡ, ನಾನು ಹಿಂದೆ ಸರಿದೆ ಎಂದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತು. ದೇವರ ಮುಂದೆ, ಸಾವಿರಾರು ಜನರ ಮುಂದೆ ಆಡಿದ ಮಾತು ಅದು. ಊರು ಅವನನ್ನು ಮತ್ತೆ ನಂಬುವುದಿಲ್ಲ, ಅವನ ಮಕ್ಕಳವರೆಗೂ ಆ ಮಾತು ಬರುತ್ತದೆ. ರಾಲ್‌ನ ವಾದ ಅವಳ ಊರಿನ ವಾದ. ಕೂಗಿದ ಮೇಲೆ ಮಾತಿಗೆ ಬದ್ಧನಾಗಿರಬೇಕು. ಪುಸ್ತಕದಲ್ಲಿರುವ ತೀರ್ಪು ಅದಕ್ಕೆ ತದ್ವಿರುದ್ಧ. ಆಗ ಮೇಷ್ಟ್ರು ಅವಳ ಹೆಸರು ಹಿಡಿದು ಕರೆದು, ನೀನು ಒಪ್ಪುತ್ತೀಯೇನಮ್ಮ ಎಂದು ಕೇಳುತ್ತಾರೆ.

ಅವಳು ಓದಿದ್ದಾಳೆ, ಸಂಗತಿಯೂ ತೀರ್ಪೂ ನಾಲಿಗೆಯ ತುದಿಯಲ್ಲಿವೆ. ಆದರೂ ಅವಳಿಗೆ ಮಾತು ಹೊರಡದಿದ್ದರೆ ಅದಕ್ಕೆ ಕಾರಣ ಎರಡು ನ್ಯಾಯಗಳು ಅವಳ ಬಾಯಿಗೆ ಒಟ್ಟಿಗೆ ಬಂದದ್ದು. ತೀರ್ಪನ್ನು ಒಪ್ಪಿದರೆ ಮನೆಯಲ್ಲಿ ಕಲಿತ ಮಾತಿನ ಮರ್ಯಾದೆಯನ್ನು ಕೆಳಗಿಡಬೇಕು. ಒಪ್ಪದಿದ್ದರೆ, ಮಾರುವವನು ಇನ್ನೂ ಕಟ್ಟುಬಿದ್ದಿಲ್ಲದಾಗ ಕೊಳ್ಳುವವನೊಬ್ಬನೇ ಏಕೆ ಕಟ್ಟುಬೀಳಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮುಕ್ತಿ ಬಾವುಟದ ಹರಾಜನ್ನು ಸರಕಿನ ಮಾರಾಟವೆಂದು ಕರೆಯಲಾಗುತ್ತದೆಯೇ, ಅದು ದೇವರಿಗೆ ಕೊಡುವ ಕಾಣಿಕೆಯಲ್ಲವೇ, ಹಾಗಿದ್ದರೆ 64ನೇ ಕಲಮು ಅಲ್ಲಿಗೆ ಬರುತ್ತದೆಯೇ? ಇಲ್ಲಿಗೆ ಬಂದಾಗ ಅವಳ ಊರಿನ ತಿಳಿವಳಿಕೆ ಅವಳಿಗೆ ಕೊರತೆಯಾಗಿ ಉಳಿಯುವುದಿಲ್ಲ, ಅದೇ ವಾದದ ಆಯುಧವಾಗುತ್ತದೆ. ಅಂಜುತ್ತಾ ಎದ್ದವಳು ಇಡೀ ತರಗತಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿ ಕೂರಬಹುದು. ಅಥವಾ ಹೇಳಲಾಗದೆ ಕೂತು ಬಸ್ಸಿನಲ್ಲಿ ಅದೇ ಉತ್ತರವನ್ನು ಜೋಡಿಸುತ್ತಾ ಊರು ಸೇರಬಹುದು. ಯಾವುದಾದರೂ ಸರಿ, ಅದು ಕಾನೂನು ತರಗತಿಯ ಕಥೆ.

ಈ ಹಂತದಲ್ಲಿ ಕಿಂಗ್ಸ್‌ಫೀಲ್ಡ್ ದೃಶ್ಯದ ಸಮರ್ಥಕರ ಜೊತೆ ಜಗಳವಾಡದೆ ಮುಂದೆ ಹೋಗುವಂತಿಲ್ಲ. ಅವರಲ್ಲಿ ಮೊದಲ ಬಗೆಯವರು ಕಥೆಯಲ್ಲಿ ಪ್ರಾಮಾಣಿಕ ಅನುಭವವೇ ಎಲ್ಲಕ್ಕಿಂತ ದೊಡ್ಡದು ಎನ್ನುವವರು. ಹುಡುಗನ ಒಣಗಿದ ಬಾಯಿ, ಬೆವರಿದ ಅಂಗೈ, ಕೊನೆಯ ವಾಂತಿ ಇವೆಲ್ಲ ನಿಜ, ಆದ್ದರಿಂದ ಕಥೆ ನಿಜ ಎಂಬುದು ಅವರ ಅಳತೆ. ಹೊಸ ಕಥೆಗಾರರಿಗೆ ಈ ಅಳತೆಯಿಂದ ಆಗಿರುವ ಕೆಡುಕು ಸಣ್ಣದಲ್ಲ. ದೇಹ ಕಂಪಿಸಿದ್ದನ್ನು ನಾಲ್ಕು ಪುಟ ವರ್ಣಿಸಿದರೆ ಸಾಕು, ಮನಸ್ಸು ಯಾವುದರ ಮುಂದೆ ಕಂಪಿಸಿತು ಎಂಬುದು ಬೇಕಿಲ್ಲ ಎಂದು ಅವರು ತಿಳಿದುಕೊಂಡುಬಿಟ್ಟಿದ್ದಾರೆ. ಬೆವರು ಯಾರಿಗೂ ಬರುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವವನ ಬೆವರನ್ನೂ ಸಾಲ ಕೊಟ್ಟವನ ಮನೆ ಬಾಗಿಲಲ್ಲಿ ನಿಂತವನ ಬೆವರನ್ನೂ ಬೇರೆ ಮಾಡಿ ತೋರಿಸಲಾರದ ಕಥೆಗಾರ ಭಯವನ್ನು ಬರೆದಿಲ್ಲ, ಭಯದ ಲಕ್ಷಣಗಳ ಪಟ್ಟಿ ಮಾಡಿದ್ದಾನೆ. ಈ ಪಟ್ಟಿಯನ್ನು ಅನುಭವವೆಂದು ಹೊಗಳುವ ವಿಮರ್ಶೆ ಕಥೆಗಾರನಿಗೆ ಓದುವ ಕಷ್ಟವನ್ನು ತಪ್ಪಿಸಿಕೊಡುತ್ತದೆ. ಕಾನೂನು ವಿದ್ಯಾರ್ಥಿಯ ಕಥೆ ಬರೆಯುವವರು ಒಂದು ತೀರ್ಪನ್ನಾದರೂ ಮೊದಲಿಂದ ಕೊನೆಯವರೆಗೆ ಓದಲೇಬೇಕು ಎಂದು ನಾನು ಹಟ ಹಿಡಿದು ಹೇಳುತ್ತೇನೆ. ರೈತನ ಕಥೆ ಬರೆಯುವವನಿಗೆ ಬಿತ್ತನೆಯ ಕಾಲ ಗೊತ್ತಿರಬೇಕೆಂದು ನಾವು ಕೇಳುವುದಿಲ್ಲವೇ? ವಕೀಲರೇ ಆಗಿರುವ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲಂತೂ, ಕಾನೂನಿನ ಒಳತಿಳಿವಳಿಕೆ ಕಥೆಗೆ ಭಾರವಾಗುತ್ತದೆ ಎಂಬ ಮಾತನ್ನು ಕನ್ನಡದಲ್ಲಿ ಯಾರೂ ಆಡಬಾರದು.

ಎರಡನೆಯ ಬಗೆಯವರು ಬೆಂಕಿಯಲ್ಲಿ ಬೆಂದರೆ ಚಿನ್ನ ಎನ್ನುವವರು. ಕಿಂಗ್ಸ್‌ಫೀಲ್ಡ್ ಕಠಿಣ, ಆದರೆ ಆ ಕಾಠಿಣ್ಯವೇ ಹುಡುಗರನ್ನು ವಕೀಲರನ್ನಾಗಿ ಮಾಡುತ್ತದೆ ಎಂಬುದು ಅವರ ಓದು. ಇಡೀ ಕಥೆ ಅದೇ ದಾರಿಯಲ್ಲಿ ಹೋಗುತ್ತದೆ ಕೂಡ. ಆರಂಭದಲ್ಲಿ ವಾಂತಿ ಮಾಡಿಕೊಂಡ ಹುಡುಗ ಮುಂದೆ ಕೈಯೆತ್ತಿ ಉತ್ತರ ಕೊಡುವ ಗುಂಪಿಗೆ ಸೇರುತ್ತಾನೆ. ಆದರೆ ಎಲ್ಲರೂ ಹಾಗೆ ಸೇರುವುದಿಲ್ಲ. ಲಾನಿ ಗಿನಿಯರ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ಶಾಲೆಯನ್ನು ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ತೋರಿಸಿತು. ಗಂಡಸರಷ್ಟೇ ಅರ್ಹತೆಯಿಂದ ಒಳಗೆ ಬಂದ ಹೆಂಗಸರು ತರಗತಿಯಲ್ಲಿ ಮಾತು ಕಡಿಮೆ ಮಾಡುತ್ತಾ ಹೋದರು, ಫಲಿತಾಂಶದಲ್ಲೂ ಹಿಂದುಳಿದರು. ತಿಳಿವಳಿಕೆ ಇದ್ದವರನ್ನೂ ಸುಮ್ಮನಾಗಿಸುವ ಬೆಂಕಿ ಅದು. ದ್ವಂದ್ವಯುದ್ಧದಂತೆ ನಡೆಯುವ ತರಗತಿಯಲ್ಲಿ ಗೆದ್ದವನ ಕಥೆ ಮಾತ್ರ ನಮಗೆ ಸಿಗುತ್ತದೆ, ಕೂತವರ ಕಥೆ ಸಿಗುವುದಿಲ್ಲ. ಕಾಠಿಣ್ಯವನ್ನು ಹೊಗಳುವವರು ಲ್ಯಾಂಗ್‌ಡೆಲ್‌ನ ತರಗತಿಯನ್ನೂ ಮರೆಯುತ್ತಾರೆ. ಅಲ್ಲಿ ವಿದ್ಯಾರ್ಥಿಗಳಿಗೆ ಇದ್ದ ದೂರು ಮೇಷ್ಟ್ರು ಕ್ರೂರಿ ಎಂಬುದಲ್ಲ. ಸಹಪಾಠಿ ಏನು ತಿಳಿದಿದ್ದಾನೆ ಎಂಬುದು ನಮಗೇಕೆ, ಕಾನೂನು ಏನೆಂದು ಹೇಳಿಬಿಡಲಿ ಎಂಬುದು ಅವರ ಗೊಣಗಾಟವಾಗಿತ್ತು. ಬಹಳ ಮಂದಿ ಆ ತರಗತಿ ಬಿಟ್ಟರು, ಕೊನೆಗೆ ಬೆರಳೆಣಿಕೆಯವರು ಉಳಿದರು. ಅವರನ್ನು ಕಾಡಿದ್ದು ಅವಮಾನವಲ್ಲ, ಉತ್ತರ ಸಿಗದೆ ಮನೆಗೆ ಹೋಗಬೇಕಾದ ಅನಿಶ್ಚಯ. ಕೋಲ್ಡ್ ಕಾಲ್ ಎಂಬ ಪದ್ಧತಿಯ ತಿರುಳು ಆ ಅನಿಶ್ಚಯದಲ್ಲಿದೆ. ಗದರಿಕೆ ಆಮೇಲೆ ಬಂದು ಅಂಟಿಕೊಂಡದ್ದು.

ಮೂರನೆಯ ಬಗೆಯವರು ನಮ್ಮವರೇ, ಅವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಇದು ಅಮೆರಿಕದ ಶ್ರೀಮಂತ ಶಾಲೆಯ ಪದ್ಧತಿ, ನಮ್ಮ ಕಾಲೇಜುಗಳಲ್ಲಿ ಮೇಷ್ಟ್ರು ನೋಟ್ಸು ಹೇಳುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ, ಆದ್ದರಿಂದ ಈ ಕಥೆ ನಮ್ಮದಲ್ಲ ಎನ್ನುತ್ತಾರೆ ಅವರು. ನೋಟ್ಸಿನ ಮಾತು ಬಹುಪಾಲು ನಿಜ. ಆದರೆ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಾಗಲೇ ತೀರ್ಪುಗಳನ್ನು ಮುಂಚಿತವಾಗಿ ಓದಿಸಿ ತರಗತಿಯಲ್ಲಿ ಪ್ರಶ್ನಿಸುವ ಕ್ರಮ ಕರ್ನಾಟಕಕ್ಕೆ ಬಂದಿದೆ. ಅಲ್ಲಿಗೆ ಹೋಗಲಾಗದವರಿಗೂ ಪ್ರಶ್ನೆ ತಪ್ಪಿದ್ದಲ್ಲ. ಬಾರ್ ಕೌನ್ಸಿಲ್ 2008ರ ನಿಯಮಗಳಲ್ಲಿ ಮೂಟ್ ಕೋರ್ಟನ್ನು ಪಠ್ಯದ ಭಾಗವಾಗಿಸಿದೆ. ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜಿನಲ್ಲಿ ಓದುವವರೂ ಬೆಂಗಳೂರಿನಲ್ಲಿ ಓದುವವರೂ ಕಪ್ಪು ಕೋಟು ಹಾಕಿ, ನ್ಯಾಯಾಧೀಶರ ಸ್ಥಾನದಲ್ಲಿ ಕೂತವರು ನಡುವೆ ತಡೆದು ಕೇಳುವ ಪ್ರಶ್ನೆಗೆ ನಿಂತಲ್ಲೇ ಉತ್ತರ ಹುಡುಕಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಲ್ಲಿ ಇನ್ನೊಂದು ತೊಡಕೂ ಇದೆ. ಉತ್ತರ ಕನ್ನಡದಲ್ಲಿ ಹೊಳೆಯುತ್ತದೆ, ತೀರ್ಪಿನ ಸಾಲು ಇಂಗ್ಲಿಷಿನಲ್ಲಿ ನೆನಪಿರುತ್ತದೆ, ಎರಡನ್ನೂ ಹೊಂದಿಸುವಷ್ಟರಲ್ಲಿ ಪ್ರಶ್ನೆ ಪಕ್ಕದವರಿಗೆ ಹೋಗಿರುತ್ತದೆ. ಆಸ್ಬಾರ್ನ್‌ನ ಹಾರ್ಟ್‌ಗೆ ಈ ಕಷ್ಟವಿಲ್ಲ. ಹಾಗಾಗಿ ಕಥೆ ನಮ್ಮದಲ್ಲ ಎಂದು ಬಾಗಿಲು ಹಾಕುವ ಬದಲು, ಹಾರ್ಟ್‌ನ ಕಥೆ ನಮ್ಮದಲ್ಲ, ಆಡಮ್ಸ್‌ನ ಕಥೆ ನಮ್ಮದಾಗಬಹುದು ಎನ್ನಬೇಕು.

ಕಿಂಗ್ಸ್‌ಫೀಲ್ಡ್‌ನ ದೃಶ್ಯವನ್ನು ಅನುಕರಿಸಿ ಬರೆದ ಕಥೆಯನ್ನು ಗುರುತಿಸುವುದು ಕಷ್ಟವಲ್ಲ. ಅದರಲ್ಲಿ ಮೇಷ್ಟ್ರ ದನಿಗೆ ನಾಲ್ಕೈದು ವಿಶೇಷಣಗಳಿರುತ್ತವೆ, ಮೇಷ್ಟ್ರು ಕೇಳಿದ ಮೊಕದ್ದಮೆಯ ಹೆಸರು ಮಾತ್ರ ಇರುತ್ತದೆ, ಅದರೊಳಗೆ ಏನಾಯಿತು ಎಂಬುದು ಇರುವುದಿಲ್ಲ. ಹುಡುಗ ಹೇಳಿದ ಉತ್ತರವೇನು ಎಂದು ಹುಡುಕಿದರೆ ಏನೋ ಹೇಳಿದ, ತಡವರಿಸಿದ ಎಂದಷ್ಟೇ ಸಿಗುತ್ತದೆ. ಕೊನೆಯಲ್ಲಿ ಹುಡುಗ ಗೆಲ್ಲುತ್ತಾನೆ, ಇಲ್ಲವೇ ಅಳುತ್ತಾನೆ. ಓದುಗನಾಗಿ ನಾನು ಕೇಳುವುದು ಇಷ್ಟೇ. ತಡವರಿಸಿದ ಆ ಉತ್ತರವನ್ನು ಪೂರ್ತಿ ಬರೆಯಿರಿ. ಅದು ತಪ್ಪಾಗಿದ್ದರೆ ಯಾವ ಜಾಗದಲ್ಲಿ ತಪ್ಪಿತು, ಸರಿಯಾಗಿದ್ದರೆ ಮುಂದಿನ ಪ್ರಶ್ನೆ ಅದನ್ನು ಹೇಗೆ ತಿರುಗಿಸಿತು ಎಂದು ಕಾಣಿಸಿ. ಆ ಅರ್ಧ ಪುಟ ಬರೆಯಲು ಬಂದರೆ ಬೆವರನ್ನು ಹೆಸರಿಸುವ ಅಗತ್ಯವೇ ಬೀಳುವುದಿಲ್ಲ, ಓದುವವನಿಗೇ ಬೆವರು ಬರುತ್ತದೆ.

ಹಾರ್ವರ್ಡ್‌ನ ಈ ಎರಡು ತರಗತಿಗಳ ನಡುವೆ ಒಂದನ್ನು ಆರಿಸಬೇಕಾದರೆ ನನಗೆ ಅನುಮಾನವಿಲ್ಲ. 1973ರ ದೃಶ್ಯ ಒಬ್ಬ ದೊಡ್ಡ ನಟನನ್ನು ನಮಗೆ ಕೊಟ್ಟಿತು, ಜೊತೆಗೆ ಒಂದು ಕೆಟ್ಟ ಮಾದರಿಯನ್ನೂ ಕೊಟ್ಟಿತು. 1870ರ ಕೆಲವು ಸಾಲುಗಳು ಮೂರು ಪ್ರಶ್ನೆಗಳನ್ನು ಕೊಟ್ಟವು. ಸಂಗತಿ ಏನು, ವಾದ ಏನು, ನೀನು ಒಪ್ಪುತ್ತೀಯಾ? ಮೊದಲ ಎರಡಕ್ಕೆ ಓದಿದವರೆಲ್ಲ ಉತ್ತರ ಕೊಡಬಲ್ಲರು. ಮೂರನೆಯದಕ್ಕೆ ಉತ್ತರ ಕೊಡಲು ವಿದ್ಯಾರ್ಥಿ ತನ್ನ ಊರು, ಮನೆ, ಕಲಿತ ಮರ್ಯಾದೆ ಎಲ್ಲವನ್ನೂ ಜೊತೆಗಿಟ್ಟುಕೊಂಡು ಎದ್ದು ನಿಲ್ಲಬೇಕು. ಕನ್ನಡದಲ್ಲಿ ಕಾನೂನು ವಿದ್ಯಾರ್ಥಿಯ ಕಥೆ ಬರೆಯುವವರು ಆ ಮೂರನೆಯ ಪ್ರಶ್ನೆಯಿಂದ ಶುರು ಮಾಡಲಿ. ಅದಕ್ಕೂ ಮೊದಲು, ತಮ್ಮ ನಾಯಕನಿಗೋ ನಾಯಕಿಗೋ ಮೊಕದ್ದಮೆಯನ್ನು ಓದಿಸಿ ತರಗತಿಗೆ ಕಳಿಸಲಿ.